ಕೀಮೋ ಆದ ಮೇಲಿನ ಬಿಳಿ ರಕ್ತಕಣದ ಇಂಜೆಕ್ಷನ್: ಯಾವಾಗ ಹಾಕಿಕೊಳ್ಳೋದು, ಎಲ್ಲಿ ಇಡೋದು?

ಸೋಮವಾರಪೇಟೆ ಕಡೆಯಿಂದ: ಗುರುವಾರ ಮೈಸೂರಲ್ಲಿ ಕೀಮೋ, ಸಂಜೆ 4ಕ್ಕೆ ಮುಗಿಯುತ್ತೆ. ಪೆಗ್‌ಫಿಲ್‌ಗ್ರಾಸ್ಟಿಮ್ 6 ಎಂಜಿ ಸಿರಿಂಜ್ ಕೈಗೆ ಕೊಟ್ಟು ಮನೆಯಲ್ಲೇ ಹಾಕಿಕೊಳ್ಳಿ ಅಂದಿದ್ದಾರೆ. ಶುಕ್ರವಾರ ಬೆಳಿಗ್ಗೆಯೇ ಹಾಕಿಕೊಳ್ಳಬಹುದಾ? ಮಳೆಗೆ ಇಲ್ಲಿ ಕರೆಂಟ್ ಇರಲ್ಲ, ಎಲ್ಲಿಡಲಿ?

ಕುಶಾಲನಗರದಿಂದ: ಒಂದು ರಾತ್ರಿ ಕಳೆದರೆ ಸಾಕು ಅಕ್ಕಾ, ಬೆಳಿಗ್ಗೆಯೇ ಹಾಕಿಕೊಳ್ಳಿ. ಫ್ರಿಜ್‌ನಲ್ಲೇ ಇಡಬೇಕು, ಅದಂತೂ ಖಂಡಿತ. ಕರೆಂಟ್ ಹೋಗುತ್ತೆ ಅಂದ್ರೆ ಫ್ರೀಜರ್‌ನಲ್ಲಿಡಿ, ತಂಪು ಜಾಸ್ತಿ ಹೊತ್ತು ಉಳಿಯುತ್ತೆ.

ವಿರಾಜಪೇಟೆಯಿಂದ: ಅಣ್ಣಾ, ಫ್ರೀಜರ್ ಬೇಡವೇ ಬೇಡ. ನಾನು ಆರು ಸಲ ನಾನೇ ಹಾಕಿಕೊಂಡವಳು. ಎರಡನೇ ಸಲ ಮೈಸೂರಿಂದ ಬರುವಾಗ ಸಿರಿಂಜ್ ಪೆಟ್ಟಿಗೆಯನ್ನು ಐಸ್ ಪ್ಯಾಕ್‌ಗೆ ಒತ್ತಿ ಇಟ್ಟಿದ್ದೆ. ಮನೆಗೆ ಬಂದು ನೋಡಿದರೆ ಒಳಗೆ ಬಿಳಿ ಹರಳು ಕಟ್ಟಿತ್ತು. ಫೋನ್ ಮಾಡಿ ಕೇಳಿದೆ, ಅದನ್ನು ಬಳಸಬೇಡಿ ಅಂದರು, ಹೊಸದು ತರಿಸಬೇಕಾಯಿತು. ಆಮೇಲಿಂದ ಐಸ್ ಪ್ಯಾಕ್‌ಗೆ ದಪ್ಪ ಟವೆಲ್ ಸುತ್ತಿ, ಪೆಟ್ಟಿಗೆ ಅದಕ್ಕೆ ತಾಗದ ಹಾಗೆ ಇಡ್ತೀನಿ. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಇರಬೇಕು. ನಡುವಿನ ತಟ್ಟೆಯಲ್ಲಿಡಿ, ಹಿಂದಿನ ಗೋಡೆಗೆ ತಾಗಬಾರದು, ಬಾಗಿಲಲ್ಲೂ ಬೇಡ. ಬೆಳಕು ಬೀಳದ ಹಾಗೆ ಪೆಟ್ಟಿಗೆಯಲ್ಲೇ ಇರಲಿ. ಕರೆಂಟ್ ಹೋದರೆ ಬಾಗಿಲು ತೆಗೆಯದೇ ಬಿಡಿ, ನಾಲ್ಕು ಗಂಟೆ ತಂಪು ಇರುತ್ತೆ. ಅದಕ್ಕಿಂತ ಜಾಸ್ತಿಯಾದರೆ ಟವೆಲ್ ಸುತ್ತಿದ ಪ್ಯಾಕ್ ಇರೋ ಡಬ್ಬಕ್ಕೆ ಹಾಕಿ. ಹೊರಗೆ ಎಷ್ಟು ಹೊತ್ತು ಇಡಬಹುದು ಅನ್ನೋದು ಕಂಪನಿಗೊಂದು ಥರ, ಒಳಗಿನ ಚೀಟಿ ಓದಿ.

ಇನ್ನು ಸಮಯ. ರಾತ್ರಿ ಲೆಕ್ಕ ಅಲ್ಲ, ಪೂರ್ತಿ 24 ಗಂಟೆ. ಶುಕ್ರವಾರ ಬೆಳಿಗ್ಗೆ ಅಂದ್ರೆ ಬರೀ 16 ಗಂಟೆ. ಈ ಔಷಧಿ ಮೂಳೆ ಮಜ್ಜೆಯ ಕಣಗಳನ್ನು ಜೋರಾಗಿ ಹೆಚ್ಚಿಸುತ್ತೆ, ಕೀಮೋ ಹೊಡೆಯೋದೂ ಹಾಗೆ ಹೆಚ್ಚುತ್ತಿರೋ ಕಣಗಳನ್ನೇ. ಹಾಗಾಗಿ ಶುಕ್ರವಾರ ಸಂಜೆ 4 ಆದ ಮೇಲೆ. ಅರ್ಧ ಗಂಟೆ ಮೊದಲು ಹೊರಗಿಡಿ, ತಣ್ಣಗಿದ್ದರೆ ಉರಿಯುತ್ತೆ. ಬಿಸಿನೀರಲ್ಲಿ ಇಡಬೇಡಿ, ಅಲ್ಲಾಡಿಸಬೇಡಿ. ಮಸುಕಾಗಿದ್ದರೆ ಹಾಕಿಕೊಳ್ಳಬೇಡಿ. ಹೊಕ್ಕುಳಿಂದ ಎರಡು ಇಂಚು ಬಿಟ್ಟು ಹೊಟ್ಟೆಯ ಚರ್ಮ ಹಿಡಿದೆತ್ತಿ, ಚುಚ್ಚಿ, ನಿಧಾನಕ್ಕೆ ಒತ್ತಿ.

ಮಡಿಕೇರಿಯಿಂದ: ನಮ್ಮವರಿಗೆ ಐದು ದಿನ ದಿನಾ ಒಂದೊಂದು 300 ಇಂಜೆಕ್ಷನ್ ಕೊಟ್ಟರು. ನಿಮಗೆ ಒಂದೇ ಸಾಕಾಗುತ್ತಾ? ಅವರಿಗೆ ಸೊಂಟ, ಕಾಲಿನ ಮೂಳೆಯೆಲ್ಲಾ ನೋವು, ರಾತ್ರಿ ನಿದ್ದೆಯೇ ಇರಲಿಲ್ಲ.

ವಿರಾಜಪೇಟೆಯಿಂದ: ಅದು ಫಿಲ್‌ಗ್ರಾಸ್ಟಿಮ್ ಇರಬೇಕು, ಚಿಕ್ಕಮ್ಮಾ. ಇದು ದೇಹದಲ್ಲಿ ಜಾಸ್ತಿ ದಿನ ಉಳಿಯೋ ಥರದ್ದು, ಒಂದು ಸುತ್ತಿಗೆ ಒಂದೇ. ನೋವಿಗೆ ಪ್ಯಾರಾಸಿಟಮಾಲ್ ತಗೊಳ್ಳುವ ಮೊದಲು ಜ್ವರ ನೋಡಿ, ಮಾತ್ರೆ ಜ್ವರವನ್ನು ಮುಚ್ಚಿಹಾಕುತ್ತೆ. 100.4 ದಾಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ. ಎಡಗಡೆ ಪಕ್ಕೆಲುಬಿನ ಕೆಳಗೆ ಅಥವಾ ಎಡ ಭುಜದ ತುದಿಯಲ್ಲಿ ನೋವಾದರೂ ಕಾಯಬೇಡಿ, ಗುಲ್ಮ ಊದಿರಬಹುದು.

ಕುಶಾಲನಗರದಿಂದ: ಫ್ರೀಜರ್ ವಿಷಯ ನನ್ನದು ತಪ್ಪಾಯ್ತು. ಅಲರ್ಜಿ ಮಾತ್ರೆ ತಗೊಂಡರೆ ಮೂಳೆನೋವು ಕಮ್ಮಿ ಆಗುತ್ತೆ ಅಂತಾರಲ್ಲ?

ವಿರಾಜಪೇಟೆಯಿಂದ: ನನಗೆ ಆಗಲಿಲ್ಲ, ಜೊತೆಗಿದ್ದವರಿಗೆ ಆಯಿತು. ಡಾಕ್ಟರನ್ನು ಕೇಳಿಯೇ ತಗೊಳ್ಳಿ.

ಸೋಮವಾರಪೇಟೆ ಕಡೆಯಿಂದ: ಶುಕ್ರವಾರ ಸಂಜೆ 5ಕ್ಕೆ ಅಲಾರಂ ಇಟ್ಟೆ ಅಕ್ಕಾ. ಟವೆಲ್ ಈಗಲೇ ಬ್ಯಾಗಿಗೆ ಹಾಕಿದೆ.