ಸಹಾಯ ಬೇಕು: ಮಗಳಿಗೆ ಮತ್ತೆ ದಾರದ ಹುಳ

ನಮಸ್ಕಾರ, ನಾವು ಪುಣೆಯ ಚಿಂಚವಾಡದವರು. ಆರು ವರ್ಷದ ಮಗಳಿಗೆ ಆಗಸ್ಟ್‌ನಲ್ಲಿ ಶಾಲೆಯಲ್ಲೇ 400 ಎಂ.ಜಿ. ಅಲ್ಬೆಂಡಜೋಲ್ ಕೊಟ್ಟಿದ್ದರು. ಈಗ ರಾತ್ರಿ ಮತ್ತೆ ಹಿಂದೆ ತುರಿಕೆ. ಮಲಗಿದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಬಿಳಿ ದಾರದ ಚೂರಿನಂಥ ಹುಳ ಹರಿದಾಡುತ್ತಿತ್ತು. ಬೆಲ್ಲ ಜಾಸ್ತಿ ತಿಂದಿದ್ದಕ್ಕೆ ಅಂತಾರೆ ಅತ್ತೆ, ಅದಲ್ಲ ಬಿಡಿ.

ಮಾತ್ರೆಗೆ ಹುಳ ಸಾಯುತ್ತದೆ, ಮೊಟ್ಟೆ ಉಳಿಯುತ್ತದೆಯಂತೆ. ಅದಕ್ಕೇ ಎರಡು ವಾರ ಬಿಟ್ಟು ಇನ್ನೊಂದು ಮಾತ್ರೆ, ಅದೂ ಮನೆಯವರೆಲ್ಲ ಒಟ್ಟಿಗೆ ಅಂದರು ಡಾಕ್ಟ್ರು. ತುರಿಸಿದ ಉಗುರಿನಿಂದಲೇ ಮೊಟ್ಟೆ ಬಾಯಿಗೆ ಹೋಗುತ್ತೆ. ಉಗುರು ಕತ್ತರಿಸಿದ್ದೇನೆ, ಎದ್ದ ಕೂಡಲೇ ಸ್ನಾನ ಮಾಡಿಸಿ ಚಡ್ಡಿ ಬದಲಿಸುತ್ತೇನೆ, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯುತ್ತೇನೆ.

ಆದರೆ ಹತ್ತು ತಿಂಗಳ ಮಗ ಅಕ್ಕನ ಪಕ್ಕದಲ್ಲೇ ಮಲಗೋದು. ವರ್ಷದೊಳಗಿನ ಮಗುವಿಗೆ ಸುಮ್ನೆ ಮಾತ್ರೆ ಕೊಡುವಂತಿಲ್ಲ ಅಲ್ವಾ? ಇಂಥದ್ದನ್ನು ನಿಭಾಯಿಸಿದವರು ಇದ್ದೀರಾ? ಅತ್ತೆಗೆ ಮರಾಠಿ ಬರಲ್ಲ. ಹತ್ತಿರದಲ್ಲಿ ಕನ್ನಡ ಮಾತಾಡುವ ಮಕ್ಕಳ ಡಾಕ್ಟ್ರು ಇದ್ದರೆ ತಿಳಿಸಿ.