ಗಂಡ ಹೆಂಡತಿಯ ನಡುವಿನ ‘ಫಿಲಿಯಾ’ಕ್ಕೆ ಕನ್ನಡದಲ್ಲಿ ಏನನ್ನೋಣ?

ಸುಮಾ:
ಎಲ್ಲರಿಗೂ ನಮಸ್ಕಾರ. ಅರಿಸ್ಟಾಟಲ್ ನೀತಿಯ ಬಗ್ಗೆ ಬರೆದದ್ದರಲ್ಲಿ 8ನೇ ಭಾಗವನ್ನು ಕನ್ನಡಕ್ಕೆ ತರುತ್ತಿದ್ದೇನೆ. 12ನೇ ಅಧ್ಯಾಯದ ‘ಫಿಲಿಯಾ’ ಅನ್ನುವ ಗ್ರೀಕ್ ಪದದ ಹತ್ತಿರ ನಾಲ್ಕು ದಿನದಿಂದ ನಿಂತುಬಿಟ್ಟಿದ್ದೇನೆ. ಗಂಡ ಹೆಂಡತಿಯ ನಡುವೆ ಸಹಜವಾಗಿಯೇ ಫಿಲಿಯಾ ಇರುತ್ತದೆ, ಮನುಷ್ಯ ಊರು ಕಟ್ಟುವ ಪ್ರಾಣಿ ಅನ್ನುವುದಕ್ಕಿಂತ ಜೋಡಿಯಾಗಿ ಬಾಳುವ ಪ್ರಾಣಿ ಅನ್ನುವುದೇ ಹೆಚ್ಚು ನಿಜ ಎಂದು ಅಲ್ಲಿ ಬರುತ್ತದೆ. ಆಮೇಲೆ ಈ ಫಿಲಿಯಾದಲ್ಲಿ ಉಪಯೋಗವೂ ಇದೆ, ಸುಖವೂ ಇದೆ, ಇಬ್ಬರೂ ಒಳ್ಳೆಯವರಾಗಿದ್ದರೆ ಒಬ್ಬರ ಗುಣ ಕಂಡು ಇನ್ನೊಬ್ಬರು ಸಂತೋಷಪಡುವುದೂ ಇದೆ ಅನ್ನುತ್ತಾನೆ.

‘ಗೆಳೆತನ’ ಅಂತ ಬರೆದು ನೋಡಿದೆ. ಗಂಡ ಹೆಂಡತಿ ಫ್ರೆಂಡ್ಸ್ ಥರ ಇರಬೇಕು ಅನ್ನುವ ಬುದ್ಧಿಮಾತಿನ ಹಾಗೆ ಕೇಳಿಸಿತು. ಅವನು ಹಾಗಿರಬೇಕು ಅನ್ನುತ್ತಿಲ್ಲ, ಇರುವುದೇ ಹಾಗೆ ಅನ್ನುತ್ತಿದ್ದಾನೆ. ‘ಪ್ರೀತಿ’ ಅಂದರೆ ಗ್ರೀಕರು ಬೇರೆ ಪದಗಳಲ್ಲಿ ಹೇಳುವ ಎರೋಸ್, ಅಗಾಪೆ ಎಲ್ಲವೂ ಅದರೊಳಗೇ ಸೇರಿಕೊಳ್ಳುತ್ತವೆ. ನೀವಾದರೆ ಯಾವ ಪದ ಹಾಕುತ್ತೀರಿ?

ಮಹೇಶ:
ಇದರಲ್ಲಿ ಅಷ್ಟು ಕಷ್ಟ ಏನಿಲ್ಲ ಅನ್ನಿಸುತ್ತದೆ. ಗ್ರೀಕರು ಪ್ರೀತಿಯನ್ನು ಬೇರೆ ಬೇರೆ ಡಬ್ಬಿಗೆ ಹಾಕಿಟ್ಟಿದ್ದರು. ಮೈಯ ಆಸೆ ಎರೋಸ್, ಗೆಳೆಯರದ್ದು ಫಿಲಿಯಾ, ತನಗೇನೂ ಬೇಡ ಅನ್ನುವುದು ಅಗಾಪೆ. ಕನ್ನಡದಲ್ಲಿ ಕಾಮ, ಗೆಳೆತನ, ನಿಸ್ವಾರ್ಥ ಪ್ರೀತಿ. ಮದುವೆ ಕಾಮದಲ್ಲಿ ಶುರುವಾಗಿ ನಿಸ್ವಾರ್ಥ ಪ್ರೀತಿಗೆ ಏರುತ್ತದೆ. ಫಿಲಿಯಾ ಅಲ್ಲಿ ನಡುವಿನ ಮೆಟ್ಟಿಲು ಅಷ್ಟೇ. ‘ಗೆಳೆತನ’ ಅಂತಲೇ ಇಡಿ.

ಲಲಿತಾ:
ಯಾವ ಪ್ರೀತಿ ದೊಡ್ಡದು ಅಂತ ಕೇಳಿದ್ದೀರಿ ಅಲ್ವಾ, ನನಗೆ ತಿಳಿದದ್ದನ್ನು ಹೇಳುತ್ತೇನೆ. ನಮ್ಮ ಯಜಮಾನರಿಗೆ ಎರಡು ವರ್ಷದ ಹಿಂದೆ ಸ್ಟ್ರೋಕ್ ಆಯಿತು. ಬಲಗೈ ಬೆರಳುಗಳು ಒಳಕ್ಕೆ ಮಡಚಿಕೊಂಡಿರುತ್ತವೆ. ಉಗುರು ತೆಗೆಯಬೇಕಾದರೆ ಮೊದಲು ಬೆಚ್ಚಗಿನ ನೀರಲ್ಲಿ ಕೈ ಇಟ್ಟು, ಹೆಬ್ಬೆರಳಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಿಸಬೇಕು. ಅವಸರ ಮಾಡಿದರೆ ಮತ್ತೆ ಮುಷ್ಟಿ ಬಿಗಿಯುತ್ತದೆ. ಅಷ್ಟು ಹೊತ್ತೂ ಅವರು ಎಡಗೈಯಲ್ಲಿ ನನ್ನ ಮುಂಗೂದಲು ಹಿಂದಕ್ಕೆ ಸರಿಸುತ್ತಾ ಇರುತ್ತಾರೆ. ಮದುವೆಯಾದ ಹೊಸದರಲ್ಲೂ ಹಾಗೇ ಮಾಡುತ್ತಿದ್ದರು.

ಇದನ್ನು ಎಲ್ಲರೂ ಸೇವೆ ಅಂತಾರೆ, ತ್ಯಾಗ ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ಬೇರೆ ಯಾರಿಗಾದರೂ ಇಷ್ಟು ಮಾಡುತ್ತಿದ್ದೆನೋ ಇಲ್ಲವೋ. ಅವರು ನಾಳೆಯೂ ಇಲ್ಲೇ ಕೂತಿರಬೇಕು, ನನಗೆ ಅಷ್ಟೇ ಬೇಕು. ಇದಕ್ಕೆ ನಿಮ್ಮ ಪಟ್ಟಿಯಲ್ಲಿ ಪದ ಇದ್ದರೆ ತಿಳಿಸಿ.

ಮಹೇಶ:
ಲಲಿತಮ್ಮ, ನೀವು ಮಾಡುತ್ತಿರುವುದೇ ಅಗಾಪೆ. ಬೇರೆ ಉದಾಹರಣೆಯೇ ಬೇಡ.

ಶ್ರೀಧರಮೂರ್ತಿ:
ಮಹೇಶ್, ಸ್ವಲ್ಪ ತಡೆಯಿರಿ. ಡಬ್ಬಿಗಳ ವಿಷಯ ಮೊದಲು. ಇಷ್ಟು ಅಚ್ಚುಕಟ್ಟಾದ ವಿಂಗಡಣೆ ಹಳೆಯ ಗ್ರೀಕರ ಬಳಕೆಯಲ್ಲಿ ಇರಲಿಲ್ಲ. ಯಹೂದ್ಯರ ಗ್ರಂಥಗಳನ್ನು ಗ್ರೀಕಿಗೆ ತಂದವರು ಪರಮಗೀತದ ಪ್ರಣಯಕ್ಕೆ ಅಗಾಪೆ ಅಂತಲೇ ಬರೆದರು. ಅಮ್ನೋನ ತಾಮಾರಳ ಮೇಲೆ ಬಲಾತ್ಕಾರ ಮಾಡಿದ ಕತೆಯಲ್ಲಿ ಅವನಿಗಿದ್ದ ಮೋಹಕ್ಕೂ ಅದೇ ಪದ ಇದೆ. ಅಗಾಪೆ ಅಂದರೆ ನಿಸ್ವಾರ್ಥ ಅನ್ನುವ ಅರ್ಥ ಗಟ್ಟಿಯಾದದ್ದು ಕ್ರೈಸ್ತರ ಬರಹಗಳಿಂದ. ಎರೋಸ್ ಒಂದು ಕಡೆ, ಅಗಾಪೆ ಅದಕ್ಕೆ ಎದುರು ಅಂತ ನಿಲ್ಲಿಸಿ ದೊಡ್ಡ ವಾದ ಕಟ್ಟಿದ್ದಂತೂ 20ನೇ ಶತಮಾನದಲ್ಲಿ.

ಇನ್ನು ಲಲಿತಾ ಅವರ ಮಾತು. ‘ಬೇರೆ ಯಾರಿಗಾದರೂ ಮಾಡುತ್ತಿದ್ದೆನೋ ಇಲ್ಲವೋ’ ಅಂದರಲ್ಲ, ಎರಡು ಪದಗಳ ಗಡಿ ನನಗೆ ಕಾಣುವುದು ಅಲ್ಲೇ. ಕ್ರೈಸ್ತರ ಅರ್ಥದ ಅಗಾಪೆ ಎದುರಿಗಿರುವವರು ಯಾರು, ಎಂಥವರು ಅಂತ ನೋಡುವುದಿಲ್ಲ. ಅದು ಶತ್ರುವಿಗೂ ಸಲ್ಲಬೇಕು. ಅರಿಸ್ಟಾಟಲನ ಫಿಲಿಯಾ ಹಾಗಲ್ಲ. ಅದು ಇವರೇ ಆಗಬೇಕು ಅನ್ನುವ ಪ್ರೀತಿ. ಹಾಗಂತ ಅದು ಸ್ವಾರ್ಥವೂ ಅಲ್ಲ. ಅವನ ಉದಾಹರಣೆ ತುಂಬಾ ಸರಳವಾಗಿದೆ: ದ್ರಾಕ್ಷಾರಸಕ್ಕೆ ಒಳ್ಳೆಯದಾಗಲಿ ಅಂತ ಯಾರೂ ಬಯಸುವುದಿಲ್ಲ, ಅದು ಕೆಡದೆ ಇದ್ದು ನಮಗೆ ಸಿಗಲಿ ಅಂತ ಬಯಸುತ್ತೇವೆ. ಗೆಳೆಯನಿಗಾದರೆ ಅವನಿಗೋಸ್ಕರವೇ ಒಳ್ಳೆಯದನ್ನು ಬಯಸುತ್ತೇವೆ. ಆ ಬಯಕೆ ಎರಡೂ ಕಡೆ ಇರಬೇಕು, ಇದೆ ಅನ್ನುವುದು ಇಬ್ಬರಿಗೂ ಗೊತ್ತಿರಬೇಕು. ಉಗುರು ತೆಗೆಯುವಾಗ ಮುಂಗೂದಲು ಸರಿಸುವ ಆ ಎಡಗೈ ಇದೆಯಲ್ಲ, ಎರಡೂ ಕಡೆ ಅಂದರೆ ಅದು. ಮಹೇಶ್ ಅಗಾಪೆಗೆ ಮೀಸಲಿಟ್ಟ ‘ನಿನಗೋಸ್ಕರ’ ಅನ್ನುವ ಭಾವ ಫಿಲಿಯಾದೊಳಗೆ ಮೊದಲಿಂದಲೂ ಇತ್ತು.

ಪದಕ್ಕೆ ಬಂದರೆ, ‘ಗೆಳೆತನ’ ಬೇಡ. ಅರಿಸ್ಟಾಟಲ್ ತಾಯಿ ಮಗುವಿಗೂ, ವ್ಯಾಪಾರದಲ್ಲಿ ಪಾಲುದಾರರಾದವರಿಗೂ, ಒಂದೇ ಊರಿನ ಜನಕ್ಕೂ ಫಿಲಿಯಾ ಅಂತಾನೆ. ತಾಯಿ ಮಗುವಿನದ್ದು ಗೆಳೆತನ ಅಂದರೆ ಕನ್ನಡ ಒಪ್ಪುವುದಿಲ್ಲ. ಗಂಡ ಹೆಂಡತಿಯ ಫಿಲಿಯಾವನ್ನೂ ಅವನು ಸರಿಸಮಾನರದ್ದು ಅನ್ನುವುದಿಲ್ಲ, ಗಂಡನದ್ದೇ ಮೇಲುಗೈ ಅನ್ನುತ್ತಾನೆ. ಇದು ನನಗೆ ಒಪ್ಪಿಗೆಯಿಲ್ಲ, ಆದರೆ ಅನುವಾದದಲ್ಲಿ ಮುಚ್ಚಿಡುವ ಹಾಗಿಲ್ಲ. ‘ಗೆಳೆತನ’ದಲ್ಲಿ ಸಮಾನತೆ ಮೊದಲೇ ಸೇರಿಕೊಂಡಿದೆ. ‘ನಂಟು’ ಅಂದರೆ ಪಾಲುದಾರರಿಗೆ ಹೊಂದುತ್ತದೆ, ಭಾವ ಸಾಲದು. ನನ್ನ ಓಟು ‘ಸ್ನೇಹ’ಕ್ಕೆ. ಈಗ ಅದು ಗೆಳೆಯರಿಗೆ ಸೀಮಿತವಾಗಿದೆ ನಿಜ. ಆದರೆ ಸಂಸ್ಕೃತದಲ್ಲಿ ಅದರ ಮೂಲ ಅರ್ಥ ಎಣ್ಣೆಯ ಜಿಡ್ಡು, ಅಂಟು. ಮಕ್ಕಳ ಮೇಲಿನ ಅಕ್ಕರೆಗೂ ಬಳಸುತ್ತಿದ್ದರು. ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಟ್ಟರೆ ನಡೆಯುತ್ತದೆ.

ಮಹೇಶ:
ಅಮ್ನೋನನ ವಿಷಯ ಗೊತ್ತಿರಲಿಲ್ಲ ಸರ್, ಒಪ್ಪಿದೆ. ಆದರೆ ಎರೋಸ್ ಎಲ್ಲಿ ಹೋಯಿತು? ಇಲ್ಲದ್ದನ್ನು ಬಯಸುವುದು ಎರೋಸ್ ಅಂತ ಪ್ಲೇಟೋ ಹೇಳುತ್ತಾನಲ್ಲ. ಮದುವೆಯಾದ ಮೇಲೆ ಬಯಸಿದ್ದು ಸಿಕ್ಕಿಯಾಯಿತು. ಅಲ್ಲಿಗೆ ಅದು ಮುಗಿಯಿತು ತಾನೆ?

ಸುಮಾ:
ಇದಕ್ಕೆ ನಾನೇ ಉತ್ತರಿಸಲೇ? ಪ್ಲೇಟೋ ಬರಹದಲ್ಲಿ ಸಾಕ್ರಟೀಸನೇ ಈ ಪ್ರಶ್ನೆ ಎತ್ತಿಕೊಳ್ಳುತ್ತಾನೆ. ಆರೋಗ್ಯವಾಗಿರುವವನೂ ಆರೋಗ್ಯ ಬೇಕು ಅನ್ನುತ್ತಾನಲ್ಲ, ಅದು ಹೇಗೆ? ಈಗ ಇರುವುದು ಮುಂದೆಯೂ ಇರಲಿ ಅಂತ ಅವನ ಬಯಕೆ. ಮುಂದಿನದ್ದು ಇನ್ನೂ ಕೈಯಲ್ಲಿಲ್ಲ, ಹಾಗಾಗಿ ಬಯಕೆ ಉಳಿಯುತ್ತದೆ. ಇದನ್ನು ಎಷ್ಟೋ ಸಲ ಓದಿದ್ದೆ. ಲಲಿತಾ ಅವರ ‘ನಾಳೆಯೂ ಇಲ್ಲೇ ಕೂತಿರಬೇಕು’ ಓದಿದಾಗ ಮಾತ್ರ ಕಣ್ಣಿಗೆ ಕಂಡಿತು. ಅವರು ಅಗಾಪೆ ಅಂದುಕೊಳ್ಳದ, ಮೂರ್ತಿ ಸರ್ ಫಿಲಿಯಾ ಅಂದ ಆ ಕೆಲಸದೊಳಗೆ ಪ್ಲೇಟೋವಿನ ಎರೋಸ್ ಕೂಡ ಇದೆ.

ಆದರೆ ಸರ್, ಇಲ್ಲಿ ನನಗೊಂದು ತೊಡಕಿದೆ. ‘ಕೆಡದೆ ಇರಲಿ, ನನಗೆ ಸಿಗಲಿ’ ಅನ್ನುವ ದ್ರಾಕ್ಷಾರಸದ ಬಯಕೆಗೂ ‘ನಾಳೆಯೂ ಇರಲಿ’ ಅನ್ನುವುದಕ್ಕೂ ವ್ಯತ್ಯಾಸ ಎಲ್ಲಿದೆ?

ಶ್ರೀಧರಮೂರ್ತಿ:
ಆ ಮಾತೊಂದನ್ನೇ ಹಿಡಿದರೆ ಹೇಳಲಾಗುವುದಿಲ್ಲ, ಸುಮಾ. ಒಂದು ವೇಳೆ ಅವರು ದೂರ ಇರುವುದೇ ಅವರಿಗೆ ಒಳ್ಳೆಯದು ಅಂತಾದರೆ ಆಗ ಏನು ಬಯಸುತ್ತೇವೆ ಅನ್ನುವುದರಲ್ಲಿ ಗೊತ್ತಾಗಬಹುದು. ಎರಡೂ ಬಯಕೆ ಒಂದೇ ದಾರಿಯಲ್ಲಿ ಹೋಗುವಷ್ಟು ದಿನ ಬೇರೆ ಮಾಡುವುದು ಕಷ್ಟ.

ಒಂದು ಸಾಲು ನೆನಪಿಗೆ ಬಂತು. ಅರಿಸ್ಟಾಟಲನಿಗಿಂತ ನಾನೂರು ವರ್ಷ ಆಮೇಲೆ ಪ್ಲೂಟಾರ್ಕ್ ಪ್ರಣಯದ ಮೇಲಿನ ಸಂಭಾಷಣೆಯಲ್ಲಿ, ಗಂಡ ಹೆಂಡತಿಯ ಕೂಟ ಫಿಲಿಯಾದ ಆರಂಭ ಅನ್ನುತ್ತಾನೆ. ತಿಂಗಳಿಗೆ ಮೂರು ಸಲವಾದರೂ ಹೆಂಡತಿಯನ್ನು ಕೂಡಬೇಕು ಅಂತ ಅಥೆನ್ಸಿನ ಸೋಲೋನ್ ಕಾನೂನು ಮಾಡಿದ್ದನಂತೆ. ಅದು ಸುಖಕ್ಕಲ್ಲವಂತೆ. ನಗರಗಳು ಆಗಾಗ ಒಪ್ಪಂದವನ್ನು ಹೊಸದು ಮಾಡಿಕೊಳ್ಳುವ ಹಾಗೆ, ದಿನದಿನವೂ ಸೇರಿಕೊಳ್ಳುವ ಮುನಿಸುಗಳನ್ನು ತೊಳೆದುಕೊಳ್ಳಲಿ ಅಂತ. ಮಹೇಶ್ ಅವರ ಮೆಟ್ಟಿಲು ಇಲ್ಲಿ ನಿಲ್ಲುವುದಿಲ್ಲ, ಎರೋಸನ್ನು ದಾಟಿ ಫಿಲಿಯಾಕ್ಕೆ ಹೋಗಿ ಕೂರುವ ಮಾತೇ ಇಲ್ಲ.

ಲಲಿತಾ:
ಪ್ರಶ್ನೆಯನ್ನು ನಾನು ಬೇರೆ ಥರ ತಿಳಿದುಕೊಂಡಿದ್ದೆ ಅಂತ ಈಗ ಗೊತ್ತಾಯಿತು. ‘ಸ್ನೇಹ’ದ ಎಣ್ಣೆ ಅನ್ನುವ ಅರ್ಥ ಯಜಮಾನರಿಗೆ ಓದಿ ಹೇಳಿದೆ. ಮಾತು ತೊದಲುತ್ತದೆ, ಆದರೂ ‘ಒಲವು’ ಚೆನ್ನಾಗಿದೆ ಅಂದರು.

ಸುಮಾ:
‘ಒಲವು’ ನನಗೂ ಇಷ್ಟ. ಆದರೆ ಅದನ್ನು ಎರೋಸ್‌ಗೆ ಇಟ್ಟುಕೊಂಡಿದ್ದೆ, ‘ಕಾಮ’ ಅಂದರೆ ಈಗ ಓದುವವರ ಮನಸ್ಸು ಬರೀ ಮೈಯ ಕಡೆ ಹೋಗುತ್ತದೆ ಅಂತ. ಸದ್ಯಕ್ಕೆ 12ನೇ ಅಧ್ಯಾಯದಲ್ಲಿ ‘ಸ್ನೇಹ’ ಅಂತ ಹಾಕಿ ಮುಂದೆ ಹೋಗುತ್ತಿದ್ದೇನೆ, ಪೆನ್ಸಿಲ್‌ನಲ್ಲಿ. ‘ಗೆಳೆಯ’ದ ಹಿಂದಿರುವ ಹಳಗನ್ನಡದ ‘ಕೆಳೆ’ಯನ್ನು ಗಂಡ ಹೆಂಡತಿಗೆ ಬಳಸಿದ ಸಾಲು ಯಾರ ಕಣ್ಣಿಗಾದರೂ ಬಿದ್ದಿದ್ದರೆ ದಯವಿಟ್ಟು ಕಳಿಸಿ.