ಇಥೆನಾಲ್ ಟ್ಯಾಂಕಿನ ಲೆವೆಲ್ 87ಕ್ಕೆ ನಿಂತರೆ ಬ್ಯಾರಿಯರ್ ತೆಗೆಯಬಹುದೇ?

ಪ್ರಶ್ನೆ (ಡಿಸ್ಟಿಲರಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್, ಬಾಗಲಕೋಟೆ ಕಡೆ):
ಸರ್, ನಮ್ಮ ಹೊಸ ಇಥೆನಾಲ್ ಟ್ಯಾಂಕಿಗೆ ಎರಡು ವೈರಿನ ರಾಡಾರ್ ಲೆವೆಲ್ ಟ್ರಾನ್ಸ್‌ಮಿಟರ್ ಕೂಡಿಸೀವಿ. ಪ್ಲೇಟ್ ಮ್ಯಾಲೆ ಎಕ್ಸ್ ಐಎ ಐಐಸಿ ಟಿ4 ಅಂತ ಐತಿ. ಕಂಟ್ರೋಲ್ ರೂಮಿಗೆ ಕೇಬಲ್ 400 ಮೀಟರ್. ಝೀನರ್ ಬ್ಯಾರಿಯರ್ ಹಾಕಿದ್ರ ಲೆವೆಲ್ 87 ಪರ್ಸೆಂಟಿಗೆ ನಿಂತುಬಿಡತೈತಿ, ಡಿಪ್ ತಗೊಂಡ್ರ 91 ಇರತೈತಿ. ಬ್ಯಾರಿಯರ್ ತೆಗೆದು ನೇರ ಪಿಎಲ್‌ಸಿಗೆ ಕೊಟ್ರ ಸರಿ ಬರತೈತಿ. ಕಾಂಟ್ರ್ಯಾಕ್ಟರ್ "ಮೀಟರೇ ಐಎ ಐತಿ, 24 ವೋಲ್ಟಿನಾಗ ಏನ್ ಕಿಡಿ ಬರತೈತಿ, ಬ್ಯಾರಿಯರ್ ಬ್ಯಾಡ" ಅಂತಾನ. ಆಡಿಟರ್ ನೋಡಿದ್ರ ಲೂಪ್ ಲೆಕ್ಕ ಕೇಳ್ಯಾರ. ಏನ್ ಮಾಡೂದು?

ಉತ್ತರ (ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್, ಮಂಗಳೂರು):
ಬ್ಯಾರಿಯರ್ ಇಲ್ಲದೆ ಆ ಲೂಪ್ ಒಂದು ಗಂಟೆಯೂ ಓಡಬಾರದು. ಮೊದಲು ಅದನ್ನು ವಾಪಸ್ ಹಾಕಿ. ಸರಿಯಾದ ಮಾಡೆಲ್ ಬರುವ ತನಕ ಟ್ಯಾಂಕನ್ನು 80ಕ್ಕಿಂತ ಮೇಲೆ ತುಂಬಬೇಡಿ ಎಂದು ಆಪರೇಟರಿಗೆ ಬರೆದು ಕೊಡಿ. ಹೈ ಅಲಾರಂ 90ಕ್ಕೆ ಇಟ್ಟಿದ್ದರೆ, 87ಕ್ಕೆ ನಿಲ್ಲುವ ಮೀಟರಿನಿಂದ ಆ ಅಲಾರಂ ಯಾವತ್ತೂ ಬರುವುದಿಲ್ಲ. ಬೇರೆ ಹೈ ಲೆವೆಲ್ ಸ್ವಿಚ್ ಇದ್ದರೆ ಅದನ್ನು ಈಗಲೇ ಟೆಸ್ಟ್ ಮಾಡಿ.

ಪ್ಲೇಟಿನ ಮೇಲೆ ಐಎ ಎಂದಿದ್ದರೆ, ಹೊರಗಿನಿಂದ ಬರುವ ವೋಲ್ಟೇಜ್, ಕರೆಂಟ್, ಪವರ್ ಇಷ್ಟರ ಒಳಗೇ ಇದ್ದರೆ ತನ್ನಿಂದ ಕಿಡಿಯಾಗಲೀ ಕಾವಾಗಲೀ ಬೆಂಕಿ ಹೊತ್ತಿಸುವಷ್ಟು ಬರದು ಎಂದು ಮೀಟರ್ ಹೇಳುತ್ತಿದೆ. ಆ 'ಇಷ್ಟರ ಒಳಗೆ' ಎಂಬುದನ್ನು ಕಾಯುವ ಕೆಲಸ ಮೀಟರಿನದಲ್ಲ, ಬ್ಯಾರಿಯರಿನದು. ನಿಮ್ಮ ಪ್ಯಾನೆಲ್ಲಿನ 24 ವೋಲ್ಟ್ ಎಸ್‌ಎಂಪಿಎಸ್ 5 ಆಂಪಿಯರ್, 10 ಆಂಪಿಯರ್ ಕೊಡಬಲ್ಲದು. ಟ್ಯಾಂಕಿನ ಮೇಲೆ ವೈರ್ ಸಡಿಲಾಗಿ ಶಾರ್ಟ್ ಆದರೆ ಆ ಕರೆಂಟ್ ಅಲ್ಲಿಗೇ ಹೋಗುತ್ತದೆ. ಎಸ್‌ಎಂಪಿಎಸ್ ಒಳಗೇ ಕೆಟ್ಟು 230 ವೋಲ್ಟ್ ಈ 24 ವೋಲ್ಟಿನ ಸಾಲಿಗೆ ಬಂದರೆ ಅದೂ ಟ್ಯಾಂಕಿನ ತಲೆಯ ಮೇಲಕ್ಕೆ. ಬ್ಯಾರಿಯರ್ ಇದ್ದರೆ ಝೀನರ್ ವೋಲ್ಟೇಜನ್ನು 28ಕ್ಕೆ ಹಿಡಿಯುತ್ತದೆ, ಹೆಚ್ಚಿನದು ಅರ್ತ್‌ಗೆ ಹೋಗಿ ಫ್ಯೂಸ್ ಸುಡುತ್ತದೆ, 300 ಓಮಿನ ರೆಸಿಸ್ಟರ್ ಇರುವುದರಿಂದ ಫೀಲ್ಡಿನಲ್ಲಿ ಪೂರ್ತಿ ಶಾರ್ಟ್ ಆದರೂ 93 ಮಿಲಿಆಂಪಿಯರ್ ದಾಟುವುದಿಲ್ಲ.

ಇಥೆನಾಲ್ ವಿಷಯದಲ್ಲಿ ಇದು ಇನ್ನೂ ಗಂಭೀರ. ಪೆಟ್ರೋಲ್ ಟ್ಯಾಂಕಿನ ಒಳಗೆ ಆವಿ ಸಾಮಾನ್ಯವಾಗಿ ಹೊತ್ತಿಕೊಳ್ಳಲಾರದಷ್ಟು ದಟ್ಟವಾಗಿರುತ್ತದೆ. ಇಥೆನಾಲ್ ಹಾಗಲ್ಲ. ಗಾಳಿಯಲ್ಲಿ ಅದರ ಆವಿ ಸುಮಾರು 3ರಿಂದ 19 ಪರ್ಸೆಂಟ್ ಇದ್ದಾಗ ಹೊತ್ತಿಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಟ್ಯಾಂಕಿನ ತಲೆಯ ಖಾಲಿ ಜಾಗದಲ್ಲಿ ಸುಮಾರು 10 ಪರ್ಸೆಂಟ್ ಆವಿ ಇರುತ್ತದೆ. ಚಳಿಗಾಲದ ಬೆಳಗ್ಗೆ 15 ಡಿಗ್ರಿಗೆ ಇಳಿದರೂ, ಬೇಸಿಗೆಯಲ್ಲಿ 40ಕ್ಕೆ ಏರಿದರೂ ಅದು ಆ ವ್ಯಾಪ್ತಿಯ ಒಳಗೇ. ಹಾಗಾಗಿ ಆ ಜಾಗ ಝೋನ್ 0, ಅಂದರೆ ಹೊತ್ತಿಕೊಳ್ಳುವ ಆವಿ ಯಾವಾಗಲೂ ಇರುವ ಜಾಗ. ನಿಮ್ಮ ರಾಡಾರಿನ ಆಂಟೆನಾ ಇರುವುದು ಅಲ್ಲೇ.

ಪ್ಯಾನೆಲ್ ಮಾಡುವವರು, ಪೀಣ್ಯ:
87ಕ್ಕೆ ನಿಲ್ಲುವುದು ವೋಲ್ಟೇಜ್ ಸಾಲದೆ ಅಷ್ಟೇ. ಎಸ್‌ಎಂಪಿಎಸ್ ಟ್ರಿಮ್ ತಿರುಗಿಸಿ 27ಕ್ಕೆ ಇಡಿ, ಮುಗೀತು.

ಮಂಗಳೂರು:
ಕಾರಣ ಸರಿ ಹೇಳಿದ್ರಿ, ಮದ್ದು ಸರಿಯಿಲ್ಲ. ಲೆಕ್ಕ ಹಾಕಿ ನೋಡೋಣ. ಅವರು ಹಾಕಿರುವುದು 28 ವೋಲ್ಟ್ 300 ಓಮಿನ, ಡಯೋಡ್ ರಿಟರ್ನ್ ಇರುವ ಮಾಮೂಲಿ ಬ್ಯಾರಿಯರ್ ಎಂದುಕೊಳ್ಳುತ್ತೇನೆ. ಫ್ಯೂಸ್ ಸೇರಿ ಅದರ ಒಟ್ಟು ರೆಸಿಸ್ಟೆನ್ಸ್ 340 ಓಮಿನ ಹತ್ತಿರ. 20 ಮಿಲಿಆಂಪಿಯರಿನಲ್ಲಿ ಅಲ್ಲೇ 6.8 ವೋಲ್ಟ್ ಹೋಗುತ್ತದೆ. ಪಿಎಲ್‌ಸಿ ಕಾರ್ಡಿನ 250 ಓಮಿಗೆ 5 ವೋಲ್ಟ್, ರಿಟರ್ನ್ ಡಯೋಡಿಗೆ 1.3, ಹೋಗಿಬರುವ 800 ಮೀಟರ್ ತಾಮ್ರಕ್ಕೆ 0.2. ಒಟ್ಟು 13.3 ಹೋಯಿತು. 24ರಲ್ಲಿ ಮೀಟರಿಗೆ ಸಿಗುವುದು 10.7 ವೋಲ್ಟ್. ಪ್ರಶ್ನೆ ಕೇಳಿದವರೇ, ನಿಮ್ಮ ಮ್ಯಾನುಯಲ್‌ನಲ್ಲಿ ಕನಿಷ್ಠ ಎಷ್ಟು ಬೇಕೆಂದಿದೆ?

ಪ್ರಶ್ನೆ ಕೇಳಿದವರು:
20 ಮಿಲಿಆಂಪಿಯರಿಗೆ 12 ವೋಲ್ಟ್ ಬೇಕು ಅಂತ ಐತ್ರಿ ಸರ್. ಬ್ಯಾರಿಯರ್ ನೀವಂದದ್ದೇ.

ಮಂಗಳೂರು:
ಹಾಗಾದರೆ ನಿಮ್ಮ 87 ಎಲ್ಲಿಂದ ಬಂತು ನೋಡಿ. ರಿಟರ್ನ್ ಡಯೋಡಿನ 1.3ರಲ್ಲಿ 0.9 ಡಯೋಡಿನದೇ, ಉಳಿದ 0.4 ಆ ಸಾಲಿನ 20 ಓಮಿನದು. 24ರಲ್ಲಿ ಮೀಟರಿನ 12, ಡಯೋಡಿನ 0.9 ಕಳೆದರೆ ಉಳಿಯುವುದು 11.1 ವೋಲ್ಟ್. ಆ 20 ಓಮ್ ಸೇರಿ ಲೂಪಿನ ಒಟ್ಟು ರೆಸಿಸ್ಟೆನ್ಸ್ ಸುಮಾರು 620 ಓಮ್. ಭಾಗಿಸಿದರೆ 17.9 ಮಿಲಿಆಂಪಿಯರ್. 4 ಮಿಲಿಆಂಪಿಯರ್ ಎಂದರೆ ಸೊನ್ನೆ, 20 ಎಂದರೆ ನೂರು ಪರ್ಸೆಂಟ್, ಆ ಲೆಕ್ಕಕ್ಕೆ ಇದು 87 ಪರ್ಸೆಂಟ್. ಮೀಟರಿಗೆ 91 ಗೊತ್ತಿದೆ, ಕರೆಂಟ್ ಎಳೆಯಲು ವೋಲ್ಟೇಜ್ ಇಲ್ಲ. ಕೆಲವು ಮೀಟರ್ ಹೀಗೆ ನಿಲ್ಲುವ ಬದಲು ರೀಸ್ಟಾರ್ಟ್ ಆಗುತ್ತಾ ಇರುತ್ತವೆ, ಟ್ರೆಂಡಿನಲ್ಲಿ ಹಲ್ಲುಹಲ್ಲಾಗಿ ಕಾಣುತ್ತದೆ. ಖಾತ್ರಿ ಮಾಡಿಕೊಳ್ಳಲು ಟ್ಯಾಂಕ್ ಹತ್ತಬೇಕಿಲ್ಲ. ಬ್ಯಾರಿಯರಿನ ಪ್ಯಾನೆಲ್ ಕಡೆಯಿಂದ ಹಾರ್ಟ್ ಕಮ್ಯುನಿಕೇಟರ್ ಹಾಕಿ, ಲೂಪ್ ಟೆಸ್ಟಿನಲ್ಲಿ 4, 12, 20 ಫಿಕ್ಸ್ ಮಾಡಿ. 4ಕ್ಕೂ 12ಕ್ಕೂ ಸರಿಯಾಗಿ ಬಂದು 20 ಕೇಳಿದಾಗ 17.9 ತೋರಿಸಿದರೆ ರೋಗ ಇದೇ. ಖಾಲಿ ಟ್ಯಾಂಕಿನಲ್ಲಿ ಕಮಿಷನಿಂಗ್ ಮಾಡಿದವರಿಗೆ ಈ ತಪ್ಪು ಕಾಣುವುದೇ ಇಲ್ಲ.

ಇನ್ನು 27 ವೋಲ್ಟಿನ ಮಾತು. 28 ವೋಲ್ಟಿನ ಝೀನರ್ 26ರ ಆಸುಪಾಸಿನಲ್ಲೇ ಲೀಕ್ ಆಗತೊಡಗುತ್ತದೆ. ಆಗ ಸ್ವಲ್ಪ ಕರೆಂಟ್ ಮೀಟರಿಗೆ ಹೋಗದೆ ಅರ್ತ್‌ಗೆ ಹೋಗುತ್ತದೆ. ಇನ್ನೂ ಏರಿದರೆ ಫ್ಯೂಸ್ ಸುಡುತ್ತದೆ, ಅದನ್ನು ಬದಲಿಸಲು ಬರುವುದಿಲ್ಲ, ಇಡೀ ಬ್ಯಾರಿಯರ್ ಎಸೆಯಬೇಕು. 26ಕ್ಕೇ ನಿಲ್ಲಿಸಿದರೆ 20 ಬರುತ್ತದೆ ನಿಜ. ಆದರೆ ಮೀಟರ್ ಕೆಟ್ಟಾಗ 21.75 ಎಳೆದು 'ಫಾಲ್ಟ್' ಹೇಳುವಂತೆ ಸೆಟ್ ಮಾಡಿದ್ದರೆ, ಅದಕ್ಕೆ 26.4 ವೋಲ್ಟ್ ಬೇಕಾಗುತ್ತದೆ. ಆ ಸಿಗ್ನಲ್ ಪೂರ್ತಿ ಬರುವುದಿಲ್ಲ.

ಇಲ್ಲಿ ನಾನು ಹಾಕುವುದು ಗ್ಯಾಲ್ವನಿಕ್ ಐಸೋಲೇಟರ್. ಅದಕ್ಕೆ ಬೇರೆ 24 ವೋಲ್ಟ್ ಇರುತ್ತದೆ, ಫೀಲ್ಡ್ ಕಡೆಗೆ 20 ಮಿಲಿಆಂಪಿಯರಿನಲ್ಲಿ ಸಾಮಾನ್ಯವಾಗಿ 15-16 ವೋಲ್ಟ್ ಕೊಡುತ್ತದೆ, ಕಾರ್ಡಿನ 250 ಓಮ್ ಈ ಲೆಕ್ಕಕ್ಕೇ ಬರುವುದಿಲ್ಲ. ಬೆಲೆ ಹೆಚ್ಚು. ಓವರ್‌ಫ್ಲೋ ಆಗಬಹುದಾದ ಟ್ಯಾಂಕಿಗೆ ಆ ಹಣ ಹಾಕಲೇಬೇಕು.

ಮೋಟಾರ್ ಕೆಲಸದವರು, ಹುಬ್ಬಳ್ಳಿ:
ಇಷ್ಟೆಲ್ಲ ಯಾಕ್ರಿ? ಫ್ಲೇಮ್‌ಪ್ರೂಫ್ ಬಾಕ್ಸಿನಾಗ ಮೀಟರ್ ಹಾಕಿ ಡಬಲ್ ಕಂಪ್ರೆಶನ್ ಗ್ಲ್ಯಾಂಡ್ ಬಿಗಿದ್ರ ಬ್ಯಾರಿಯರೇ ಬೇಕಾಗಿಲ್ಲ. ನಮ್ಮ ಪಂಪ್‌ಹೌಸಿನಾಗ ಎಲ್ಲಾ ಹಂಗೇ ಐತಿ.

ಮಂಗಳೂರು:
ಪಂಪ್‌ಹೌಸ್ ಝೋನ್ 1 ಇಲ್ಲವೇ 2, ಅಲ್ಲಿ ನಿಮ್ಮ ಪದ್ಧತಿ ಸರಿಯೇ ಅಣ್ಣಾ. ಫ್ಲೇಮ್‌ಪ್ರೂಫ್ ಬಾಕ್ಸ್ ಒಳಗಿನ ಸ್ಫೋಟವನ್ನು ಒಳಗೇ ಹಿಡಿಯುತ್ತದೆ. ಆದರೆ ಯಾವಾಗಲೂ ಆವಿ ಇರುವ ಝೋನ್ 0ಗೆ ಈ ಫ್ಲೇಮ್‌ಪ್ರೂಫ್, ಅಂದರೆ ಎಕ್ಸ್ ಡಿ, ಒಪ್ಪುವುದಿಲ್ಲ, ಐಎ ಬೇಕು. ಹೊರಗೆ ಎಕ್ಸ್ ಡಿ, ಆಂಟೆನಾಗೆ ಐಎ ಎಂದು ಎರಡೂ ಬರೆದಿರುವ ರಾಡಾರ್ ಬೇರೆ ಇವೆ. ಇವರ ಪ್ಲೇಟಿನಲ್ಲಿ ಐಎ ಒಂದೇ ಇದೆ.

ಪ್ರಶ್ನೆ ಕೇಳಿದವರು:
ಲೂಪ್ ಲೆಕ್ಕ ಹೆಂಗ್ ಬರೀಬೇಕ್ರಿ? ಕಾಂಟ್ರ್ಯಾಕ್ಟರ್ ಕೇಬಲ್ ಉದ್ದ ಹೆಚ್ಚಾಯ್ತು, ಫೇಲ್ ಆಗತೈತಿ ಅಂತಾನ. ಸರ್ಟಿಫಿಕೇಟಿನಾಗ ಮೀಟರಿಗೆ 30 ವೋಲ್ಟ್, 130 ಮಿಲಿಆಂಪಿಯರ್, 1 ವ್ಯಾಟ್, 10 ನ್ಯಾನೋಫ್ಯಾರಡ್ ಅಂತ ಐತಿ, ಇಂಡಕ್ಟೆನ್ಸ್ ಸೊನ್ನೆ.

ಮಂಗಳೂರು:
ಮೀಟರಿನ ಸರ್ಟಿಫಿಕೇಟಿನಲ್ಲಿ i ಇರುವ ಅಂಕಿ, ಬ್ಯಾರಿಯರಿನದರಲ್ಲಿ o ಇರುವ ಅಂಕಿ. ಇಷ್ಟು ಹೊಂದಬೇಕು:

```
Ui ≥ Uo    Ii ≥ Io    Pi ≥ Po
Ci + Ccable ≤ Co
Li + Lcable ≤ Lo
```

ಬ್ಯಾರಿಯರಿನದು 28 ವೋಲ್ಟ್, 93 ಮಿಲಿಆಂಪಿಯರ್, 0.65 ವ್ಯಾಟ್. ಮೊದಲ ಸಾಲು ಪಾಸ್. ಕೇಬಲ್ಲಿನ ಡೇಟಾ ಇಲ್ಲದಿದ್ದರೆ ಒಂದು ಮೀಟರ್ ಉದ್ದಕ್ಕೆ 200 ಪಿಕೋಫ್ಯಾರಡ್ ಎಂದು ಹಿಡಿಯುವುದು ವಾಡಿಕೆ. 400 ಮೀಟರಿಗೆ 80 ನ್ಯಾನೋಫ್ಯಾರಡ್, ಟ್ರಾನ್ಸ್‌ಮಿಟರಿನ 10 ಸೇರಿ 90. ಐಐಸಿಗೆ 28 ವೋಲ್ಟಿನಲ್ಲಿ ಬಿಟ್ಟಿರುವುದು 83. ನಿಮ್ಮ ಕಾಂಟ್ರ್ಯಾಕ್ಟರ್ ಫೇಲ್ ಎಂದದ್ದು ಇದಕ್ಕೇ.

ಆದರೆ ಮೀಟರ್ ಐಐಸಿ ಅಂದ ಮಾತ್ರಕ್ಕೆ ಲೂಪನ್ನು ಐಐಸಿಗೆ ಲೆಕ್ಕ ಹಾಕಬೇಕಿಲ್ಲ. ಲೆಕ್ಕ ನಿಮ್ಮ ಟ್ಯಾಂಕಿನ ಗ್ಯಾಸಿಗೆ. ಐಐಸಿ ಎಂದರೆ ಹೈಡ್ರೋಜನ್, ಅಸಿಟಿಲೀನ್ ಇರುವ ಜಾಗ. ಈಗಿನ ಐಇಸಿ ಪಟ್ಟಿಯಲ್ಲಿ ಇಥೆನಾಲ್ ಐಐಬಿ, ಅದಕ್ಕೆ ಅದೇ 28 ವೋಲ್ಟಿನಲ್ಲಿ 650 ನ್ಯಾನೋಫ್ಯಾರಡ್ ತನಕ ಬಿಡುತ್ತಾರೆ. 90 ಎಲ್ಲಿ, 650 ಎಲ್ಲಿ! ಕೇಬಲ್ಲಿನ ಇಂಡಕ್ಟೆನ್ಸ್ ಒಂದು ಮೀಟರ್ ಉದ್ದಕ್ಕೆ 1 ಮೈಕ್ರೋಹೆನ್ರಿ ಹಿಡಿದರೂ 0.4 ಮಿಲಿಹೆನ್ರಿ, ಅದರ ಚಿಂತೆಯಿಲ್ಲ. ಕೇಬಲ್ ಬದಲಿಸಬೇಡಿ. ಐಸೋಲೇಟರ್ ಬಂದಾಗ ಅದರ ಸರ್ಟಿಫಿಕೇಟಿನ ಅಂಕಿ ಹಾಕಿ ಇದನ್ನೇ ಮತ್ತೆ ಬರೆದು ಆಡಿಟರಿಗೆ ಕೊಡಿ.

ಸಾಲ್ವೆಂಟ್ ಘಟಕದ ಮೇಂಟೆನೆನ್ಸ್, ಬೀದರ್:
ನಮ್ಮಲ್ಲಿ ಪ್ರತಿ ಮುಂಗಾರಿನಲ್ಲಿ ಗುಡುಗು ಬಂತೆಂದರೆ ಝೀನರ್ ಬ್ಯಾರಿಯರ್ ಹೋಗುತ್ತವೆ. ಸ್ಪೇರ್ ಬರುವ ತನಕ ಶಿಫ್ಟಿನವರು ಬ್ಯಾರಿಯರಿನ ಒಳಬದಿ ಹೊರಬದಿ ಟರ್ಮಿನಲ್ಲಿಗೆ ಜಂಪರ್ ಹಾಕಿ ಓಡಿಸುತ್ತಾರೆ. ಇನ್‌ಸ್ಟ್ರುಮೆಂಟ್ ಅರ್ತ್‌ಗೆ ಬೇರೆಯೇ ಪಿಟ್ ಮಾಡಿದ್ದೇವೆ, ರೀಡಿಂಗ್ 0.8 ಓಮ್ ಇದೆ. ಆದರೂ ಯಾಕೆ?

ಮಂಗಳೂರು:
ಜಂಪರ್ ಮೊದಲು ತೆಗೆಸಿ. ಅದು ಬ್ಯಾರಿಯರ್ ಇಲ್ಲದ್ದಕ್ಕಿಂತ ಕೆಟ್ಟದ್ದು, ಯಾಕೆಂದರೆ ನೋಡಿದವರು ಬ್ಯಾರಿಯರ್ ಇದೆ ಎಂದೇ ತಿಳಿಯುತ್ತಾರೆ.

ನಿಮ್ಮ 0.8 ಮಣ್ಣಿಗೆ ಅಳೆದದ್ದು. ಝೀನರ್ ಬ್ಯಾರಿಯರಿಗೆ ಬೇಕಾದ 1 ಓಮಿಗಿಂತ ಕಡಿಮೆ ಎಂಬುದು ಬ್ಯಾರಿಯರಿನ ಅರ್ತ್ ಬಾರಿನಿಂದ ಪ್ಲಾಂಟಿನ ಮುಖ್ಯ ಪವರ್ ಅರ್ತ್ ತನಕದ ದಾರಿಗೆ. 230 ವೋಲ್ಟ್ ಬಂದರೆ ಆ ಕರೆಂಟ್ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ಲಿಗೆ ವಾಪಸ್ ಹೋಗಬೇಕು. ಬೇರೆ ಪಿಟ್ ಇದ್ದರೆ ಎರಡು ಪಿಟ್‌ಗಳ ನಡುವಿನ ಮಣ್ಣು ಆ ದಾರಿಯಲ್ಲಿ ಬರುತ್ತದೆ. ಸಿಡಿಲು ಬಿದ್ದಾಗ ಆ ಎರಡರ ನಡುವೆ ವೋಲ್ಟೇಜ್ ಎದ್ದು, ಬ್ಯಾರಿಯರಿನ ಮೂಲಕ ಹರಿಯುತ್ತದೆ. ಪ್ರತ್ಯೇಕ ವೈರಿನಲ್ಲಿ ತೆಗೆದುಕೊಂಡು ಹೋಗಿ, ಆದರೆ ಕೊನೆಗೆ ಮುಖ್ಯ ಅರ್ತ್‌ಗೇ ಕಟ್ಟಿ. 4 ಚದರ ಮಿಲಿಮೀಟರಿನ ಒಂದು ವೈರ್ ಸಾಕು ಎನ್ನುತ್ತಾರೆ, ನಾನು ಯಾವಾಗಲೂ ಎರಡು ಎಳೆಯುತ್ತೇನೆ. ಎರಡಿದ್ದರೆ ಒಂದನ್ನು ಬಾರಿನಿಂದ ಬಿಚ್ಚಿ, ಬಿಚ್ಚಿದ ತುದಿಗೂ ಬಾರಿಗೂ ನಡುವೆ ಅಳೆಯಬಹುದು. ಇನ್ನೊಂದು ವೈರ್ ಅರ್ತ್ ಹಿಡಿದುಕೊಂಡೇ ಇರುತ್ತದೆ. ಸಿಡಿಲಿಗೆ ಇದರ ಮೇಲೆ ಸರ್ಜ್ ಪ್ರೊಟೆಕ್ಟರ್ ಬೇರೆ ಬೇಕು, ಬ್ಯಾರಿಯರ್ ಆ ಕೆಲಸ ಮಾಡುವುದಿಲ್ಲ.

ಬೀದರ್:
ಮುಖ್ಯ ಅರ್ತ್‌ಗೆ ಕಟ್ಟಿದರೆ ಸಿಗ್ನಲ್ಲಿಗೆ ನಾಯ್ಸ್ ಬರುತ್ತದೆ ಎಂದು ಡಿಸಿಎಸ್‌ನವರು ಒಪ್ಪುವುದಿಲ್ಲ.

ಮಂಗಳೂರು:
ದಾರಿಯಲ್ಲಿ ಬೇರೆ ಯಾವುದನ್ನೂ ಸೇರಿಸದೆ ಒಂದೇ ಬಿಂದುವಿನಲ್ಲಿ ಕಟ್ಟಿದರೆ ನನ್ನ ಅನುಭವದಲ್ಲಿ ಬಂದಿಲ್ಲ. ಒಪ್ಪದಿದ್ದರೆ ಐಸೋಲೇಟರಿಗೆ ಹೋಗಿ, ಅದಕ್ಕೆ ಈ ಅರ್ತ್ ಬೇಡ.

ಪ್ರಶ್ನೆ ಕೇಳಿದವರು:
ಸರ್, ಲೂಪ್ ಟೆಸ್ಟ್ ಮಾಡಿದೆ. 20 ಕೊಟ್ರ 17.9 ಬಂತು. ಬ್ಯಾರಿಯರ್ ವಾಪಸ್ ಹಾಕೀನಿ, ಐಸೋಲೇಟರಿಗೆ ಇಂಡೆಂಟ್ ಹೋಗೇತಿ. ಇನ್ನೊಂದು ಮಾತು. ನಮ್ಮ ಏರಿಯಾ ಕ್ಲಾಸಿಫಿಕೇಶನ್ ಡ್ರಾಯಿಂಗಿನಾಗ ಇಥೆನಾಲ್ ಐಐಎ ಅಂತ ಬರದೈತಿ. ನೀವು ಐಐಬಿ ಅಂತೀರಿ.

ಮಂಗಳೂರು:
ಹಳೆಯ ಪಟ್ಟಿಗಳಲ್ಲಿ ಐಐಎ ಎಂದೇ ಇತ್ತು. ನಿಮ್ಮ ಈ ಲೂಪಿಗೆ ತೊಂದರೆಯಿಲ್ಲ, ಐಐಬಿಗೆ ಪಾಸಾದದ್ದು ಐಐಎಗೂ ಪಾಸ್. ತೊಂದರೆ ಇರುವುದು ಆ ಡ್ರಾಯಿಂಗ್ ನೋಡಿ ಕೊಂಡ ಲೈಟ್, ಜಂಕ್ಷನ್ ಬಾಕ್ಸ್, ಪಂಪ್ ಮೋಟಾರುಗಳಲ್ಲಿ. ಒಂದೊಂದರ ಪ್ಲೇಟ್ ಓದಿ ಪಟ್ಟಿ ಮಾಡಿ. ಫ್ಲೇಮ್‌ಪ್ರೂಫ್‌ನಲ್ಲಿ ಹೆಚ್ಚಿನವು ಐಐಎ, ಐಐಬಿ ಎರಡಕ್ಕೂ ಸರ್ಟಿಫೈ ಆಗಿರುತ್ತವೆ. ಬರೀ ಐಐಎ ಇರುವುದು ಸಿಕ್ಕರೆ, ಹಾಗೇ ಬಿಡಬಹುದೇ ಬದಲಿಸಬೇಕೇ ಎಂದು ಇಲ್ಲಿ ಕೂತು ನಾನು ಹೇಳಬಾರದು. ಡ್ರಾಯಿಂಗ್ ಮಾಡಿದ ಕನ್ಸಲ್ಟೆಂಟ್ ಪರಿಷ್ಕರಿಸಿ, ಪೆಸೋ ಅನುಮೋದನೆಯ ಫೈಲಿನಲ್ಲಿ ಏನಿದೆ ಎಂದು ನೋಡಿ ತೀರ್ಮಾನಿಸಬೇಕು.

ಹುಬ್ಬಳ್ಳಿ:
ನಮ್ಮ ಪಂಪ್‌ಹೌಸಿನಾಗೂ ಇಥೆನಾಲ್ ಲೋಡಿಂಗ್ ಪಂಪ್ ಎರಡು ಅದಾವ. ನಾಳೆ ಪ್ಲೇಟ್ ಓದಿ ಫೋಟೋ ಹಾಕ್ತೀನಿ, ನೋಡಿ ಹೇಳ್ರಿ.